ಟ್ರಯಲ್ ಕ್ಲಾಸಿಗೆ ಏನು ಹಾಕಿಸಬೇಕು, ಯಾರು ಜೊತೆಗಿರಬೇಕು?

ಜೂನ್‌ನಲ್ಲಿ ಶಾಲೆಗಳು ಶುರುವಾದ ಕೂಡಲೇ ಒಮ್ಮೆ, ವಿಜಯದಶಮಿಯ ಆಸುಪಾಸಿನಲ್ಲಿ ಇನ್ನೊಮ್ಮೆ, ಭರತನಾಟ್ಯ ಹೇಳಿಕೊಡುವವರ ಫೋನಿಗೆ ಬಿಡುವಿರುವುದಿಲ್ಲ. "ಮೇಡಂ, ನಮ್ಮ ಮಗಳಿಗೆ ಏಳು ವರ್ಷ, ಹಾಡು ಬಂದರೆ ಸಾಕು ಕುಣಿಯೋಕೆ ಶುರು ಮಾಡ್ತಾಳೆ. ಒಂದು ಟ್ರಯಲ್ ಕ್ಲಾಸ್ ಕೊಡ್ತೀರಾ?" ಎಂದು ಕೇಳುವವರೇ ಹೆಚ್ಚು. ದಿನ ಗೊತ್ತಾದ ಮೇಲೆ ನೃತ್ಯಶಾಲೆಯಿಂದ ವಾಟ್ಸಾಪಿನಲ್ಲಿ ಒಂದು ಸಂದೇಶ ಹೋಗುತ್ತದೆ. ಬೆಂಗಳೂರಿನಲ್ಲಿ ನಾನು ಕಲಿಸುವ ಕ್ಲಾಸಿನಿಂದ ಹೋಗುವ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ:

"ನಮಸ್ಕಾರ. ನಿಮ್ಮ ಮಗಳ ಟ್ರಯಲ್ ಕ್ಲಾಸ್ ಈ ಶನಿವಾರ ಬೆಳಿಗ್ಗೆ 10ಕ್ಕೆ. ದಯವಿಟ್ಟು 9.50ಕ್ಕೆ ಬನ್ನಿ. ಕ್ಲಾಸು 45 ನಿಮಿಷ, ಆಮೇಲೆ ನಿಮ್ಮೊಂದಿಗೆ 10 ನಿಮಿಷ ಮಾತು. ಹತ್ತಿಯ ಚೂಡಿದಾರ್, ವೇಲ್ ಸಮೇತ. ಟಾಪಿಗೆ ಎರಡೂ ಪಕ್ಕ ಸೀಳಿರಲಿ, ಪೈಜಾಮ ಹಿಮ್ಮಡಿಗಿಂತ ಮೇಲಿರಲಿ. ಕೂದಲು ಜಡೆ ಹಾಕಿರಲಿ. ಕಾಲ್ಗೆಜ್ಜೆ, ಬಳೆ, ಜುಮುಕಿ ಬೇಡ. ಮನೆಯವರು ಒಬ್ಬರು ಮೊದಲ 10 ನಿಮಿಷ ಒಳಗೆ, ಆಮೇಲೆ ಹೊರಗಿನ ಬೆಂಚಿನಲ್ಲಿ ಕೂರಬಹುದು. ವಿಡಿಯೋ ಬೇಡ. ಮಗುವಿಗೆ ಮಂಡಿನೋವು, ಉಬ್ಬಸ, ಇತ್ತೀಚೆಗೆ ಪೆಟ್ಟು ಏನಾದರೂ ಇದ್ದರೆ ಮೊದಲೇ ತಿಳಿಸಿ."

ಇದಕ್ಕೆ ಬರುವ ಉತ್ತರ ಒಂದು ಹೆಬ್ಬೆರಳಿನ ಚಿತ್ರ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡರೆ ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಫೋನು. "ಮೇಡಂ, ಚೂಡಿದಾರ್ ಇಲ್ಲ, ಮದುವೆಗೆ ಹೊಲಿಸಿದ ಲಂಗ ಇದೆ, ನಡಿಯುತ್ತಾ?" ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂದು ಆ ಹೊತ್ತಿನಲ್ಲಿ ಫೋನಿನಲ್ಲಿ ವಿವರಿಸುವುದು ಕಷ್ಟ. ಉಡುಪು, ಸಮಯ, ಮನೆಯವರು ಎಂಬ ಮೂರು ವಿಷಯಗಳು ಈ ಸಂದೇಶದಲ್ಲಿ ಯಾಕಿವೆ ಎಂದು ಇಲ್ಲಿ ಬಿಡಿಸಿ ಬರೆಯುತ್ತೇನೆ. ನಿಮ್ಮೂರಿನ ಕ್ಲಾಸಿನ ಪದ್ಧತಿ ಸ್ವಲ್ಪ ಬೇರೆ ಇದ್ದೀತು, ಕಾರಣಗಳು ಮಾತ್ರ ಬಹುಪಾಲು ಇವೇ.

ಮೊದಲು ಬಟ್ಟೆ. ಭರತನಾಟ್ಯದಲ್ಲಿ ಮಗು ಕಲಿಯುವ ಮೊಟ್ಟಮೊದಲ ನಿಲುವು ಅರೆಮಂಡಿ. ಹಿಮ್ಮಡಿಗಳನ್ನು ಹತ್ತಿರ ಇಟ್ಟು, ಪಾದಗಳನ್ನು ಎರಡೂ ಪಕ್ಕಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿರಿಸಿಕೊಂಡು ಮಂಡಿಯನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರುವುದು. ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ಏಳು ವರ್ಷದ ಮಗು ಮೊದಲ ಸಲ ಹಾಗೆ ಕೂತಾಗ ಸ್ವಲ್ಪ ಹೊತ್ತಿಗೇ ತೊಡೆ ನಡುಗಲು ಶುರುವಾಗುತ್ತದೆ, ಮಂಡಿ ತಾನಾಗಿ ಒಳಕ್ಕೆ ಬೀಳುತ್ತದೆ, ಬೆನ್ನು ಮುಂದಕ್ಕೆ ಬಾಗುತ್ತದೆ. ಶಿಕ್ಷಕಿ ನೋಡಬೇಕಾದ್ದು ಇದನ್ನೇ. ಮಂಡಿ ಕಾಲ್ಬೆರಳುಗಳ ದಿಕ್ಕಿಗೇ ತೆರೆಯುತ್ತಿದೆಯೇ, ಒಳಕ್ಕೆ ವಾಲುತ್ತಿದೆಯೇ ಎಂಬುದು ಕಾಣದಿದ್ದರೆ ತಿದ್ದುವುದು ಹೇಗೆ? ಪಾದ ಮಾತ್ರ ಹೊರಕ್ಕೆ ತಿರುಗಿ ಮಂಡಿ ಮುಂದಕ್ಕೇ ನೋಡುತ್ತಿದ್ದರೆ ಆ ತಿರುಚುವಿಕೆಯ ಭಾರವೆಲ್ಲ ಮಂಡಿಯ ಕೀಲಿಗೆ ಬೀಳುತ್ತದೆ. ಪಾದ ಎಷ್ಟು ತಿರುಗಬೇಕು ಎಂಬುದು ಸೊಂಟದ ಕೀಲು ಎಷ್ಟು ತಿರುಗುತ್ತದೆ ಎಂಬುದರ ಮೇಲೆ ನಿಂತಿದೆ, ಮತ್ತು ಅದು ಮಗುವಿನಿಂದ ಮಗುವಿಗೆ ಬೇರೆ.

ಲಂಗ ಹಾಕಿದರೆ ಇದು ಯಾವುದೂ ಕಾಣುವುದಿಲ್ಲ. ದೊಗಲೆ ಪಟಿಯಾಲ ಪ್ಯಾಂಟಿನಲ್ಲೂ ಮಂಡಿ ಎಲ್ಲಿದೆ ಎಂದು ಊಹಿಸಬೇಕು. ಜೀನ್ಸ್ ಹಾಕಿದ ಮಗುವಿಗೆ ಅರ್ಧ ಕೂರುವುದೇ ಆಗುವುದಿಲ್ಲ. ಅದಕ್ಕೆ ಕಾಲಿಗೆ ಅಂಟಿದಂತಿರುವ, ಆದರೆ ಬಿಗಿಯಿಲ್ಲದ ಹತ್ತಿಯ ಪೈಜಾಮ ಒಳ್ಳೆಯದು. ಟಾಪಿನ ಎರಡೂ ಪಕ್ಕ ಸೀಳಿರಲಿ ಎಂದು ಬರೆದದ್ದನ್ನು ಎಷ್ಟೋ ಜನ ಓದುವುದೇ ಇಲ್ಲ. ಸೀಳಿಲ್ಲದ ಉದ್ದ ಟಾಪು ಹಾಕಿಕೊಂಡ ಮಗು ಅರೆಮಂಡಿಗೆ ಇಳಿದರೆ ಬಟ್ಟೆ ಎರಡೂ ತೊಡೆಗಳ ನಡುವೆ ಟೊಪ್ಪನೆ ಬಿಗಿಯುತ್ತದೆ, ಮಂಡಿ ಅದಕ್ಕಿಂತ ಆಚೆ ತೆರೆಯುವುದಿಲ್ಲ. ಮಗುವಿನ ಸೊಂಟದಲ್ಲಿ ಯಾವ ತೊಡಕೂ ಇರುವುದಿಲ್ಲ, ತೊಡಕಿರುವುದು ದರ್ಜಿಯ ಹೊಲಿಗೆಯಲ್ಲಿ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಬಟ್ಟೆ ಹಾಕಿಸಿ, ಮಂಡಿ ಹೊರಕ್ಕೆ ಮಾಡಿ ಅರ್ಧ ಕೂರಲು ಹೇಳಿ. ಮುಂದಿನ ಬಟ್ಟೆ ಬಿಗಿದು ನಿಂತರೆ ಆ ಟಾಪು ಬೇಡ.

ವೇಲಿನ ಕೆಲಸ ಬೇರೆ. ಅದನ್ನು ಒಂದು ಭುಜದಿಂದ ಓರೆಯಾಗಿ ಇಳಿಸಿ, ಸೊಂಟದ ಸುತ್ತ ತಂದು, ಪಕ್ಕದಲ್ಲಿ ಗಂಟು ಹಾಕುತ್ತೇವೆ. ಹಾಗೆ ಕಟ್ಟಿದಾಗ ಸೊಂಟ ಎಲ್ಲಿದೆ ಎಂದು ಗೊತ್ತಾಗುತ್ತದೆ, ಮಗು ಹಿಂಭಾಗವನ್ನು ಹೊರಕ್ಕೆ ತಳ್ಳಿಕೊಂಡು ನಿಂತಿದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಮಗುವಿಗೂ ನಡು ಬಿಗಿದ ಅರಿವಿರುತ್ತದೆ. ವೇಲ್ ಇಲ್ಲದಿದ್ದರೆ ಹಳೆಯ ಹತ್ತಿಯ ಟವೆಲ್ಲನ್ನು ಸೊಂಟಕ್ಕೆ ಕಟ್ಟಿದರೂ ಆದೀತು. ಜಾರುವ ಶಿಫಾನ್ ಮಾತ್ರ ಬೇಡ, ಗಂಟು ಎರಡು ನಿಮಿಷಕ್ಕೊಮ್ಮೆ ಬಿಚ್ಚಿಕೊಳ್ಳುತ್ತದೆ, ಕ್ಲಾಸಿನ ಅರ್ಧ ಹೊತ್ತು ಗಂಟು ಹಾಕುವುದರಲ್ಲೇ ಹೋಗುತ್ತದೆ.

ಪೈಜಾಮ ಹಿಮ್ಮಡಿಗಿಂತ ಮೇಲಿರಲಿ ಎಂಬುದು ಜಾರಿ ಬೀಳದಿರಲಿ ಎಂದು. ಗ್ರಾನೈಟು, ಟೈಲ್ಸು ಹಾಕಿದ ನೆಲದ ಮೇಲೆ ಹಿಮ್ಮಡಿಯ ಕೆಳಗೆ ಬಟ್ಟೆ ಸಿಕ್ಕರೆ ಕಾಲು ಜಾರುವುದು ಖಂಡಿತ. ಕಾಲುಚೀಲ ಇನ್ನೂ ಅಪಾಯ. ಚಳಿ ಎಂದು ಕಾಲುಚೀಲ ಹಾಕಿಸಿ ಕಳಿಸುವವರಿದ್ದಾರೆ, ಬಾಗಿಲಲ್ಲೇ ತೆಗೆಸುತ್ತೇವೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂಗಾಲು ನೆಲಕ್ಕೆ ಬಡಿದಾಗ ಬರುವ ಶಬ್ದವನ್ನು ನಾವು ಕೇಳಿಸಿಕೊಳ್ಳುತ್ತೇವೆ. ಪಾದ ಪೂರ್ತಿ ಚಪ್ಪಟೆಯಾಗಿ ಬಿದ್ದರೆ ಒಂದು ಥರದ ಶಬ್ದ, ಹಿಮ್ಮಡಿ ಮೊದಲು ಬಡಿದರೆ ಇನ್ನೊಂದು ಥರ. ಹಿಮ್ಮಡಿ ಮೊದಲು ಬಡಿಯುವ ಮಗುವಿಗೆ ಸಂಜೆಯ ಹೊತ್ತಿಗೆ ಕಾಲು ನೋಯುತ್ತದೆ. ಮನೆಯಲ್ಲಿ ಹಾಕಿಕೊಂಡಿರುವ ಬೆಳ್ಳಿಯ ಕಾಲ್ಗೆಜ್ಜೆ ಆ ದಿನ ಬೇಡ ಎನ್ನುವುದಕ್ಕೂ ಇದೇ ಕಾರಣ, ಗಿಲಿಗಿಲಿ ಎನ್ನುವ ಸದ್ದಿನಲ್ಲಿ ಪಾದದ ಶಬ್ದ ಮುಚ್ಚಿಹೋಗುತ್ತದೆ. ನೃತ್ಯದ ಗೆಜ್ಜೆಯನ್ನಂತೂ ಈಗಲೇ ಕೊಳ್ಳಬೇಡಿ. ಅದು ಗೆಜ್ಜೆಪೂಜೆ ಮಾಡಿ ಕಟ್ಟುವಂಥದ್ದು, ಆ ದಿನಕ್ಕೆ ಇನ್ನೂ ಹಲವು ವರ್ಷಗಳಿವೆ. ಟ್ರಯಲ್ ಕ್ಲಾಸಿಗೇ ಗಾಂಧಿ ಬಜಾರಿನಿಂದ ಹೊಸ ಗೆಜ್ಜೆ ತಂದವರನ್ನು ನೋಡಿದ್ದೇನೆ.

ಮಂಡಿಯವರೆಗೆ ಬರುವಂತೆ ಪೈಜಾಮದ ಮೇಲೆ ಉಡುವ ಹತ್ತಿಯ ಅಭ್ಯಾಸದ ಸೀರೆಯನ್ನೂ ಮೊದಲ ದಿನ ಯಾರೂ ನಿರೀಕ್ಷಿಸುವುದಿಲ್ಲ. ರುಕ್ಮಿಣೀದೇವಿ ಅರುಂಡೇಲ್ 1936ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಕಲಾಕ್ಷೇತ್ರದ ವಿದ್ಯಾರ್ಥಿನಿಯರ ಉಡುಪಾಗಿ ಅದು ನಮ್ಮೆಲ್ಲರ ಕಣ್ಣಿಗೆ ಪರಿಚಿತ. ಇಲ್ಲಿನ ಶಾಲೆಗಳಲ್ಲೂ ಮಗು ಸೇರಿ, ಅಡವುಗಳಲ್ಲಿ ಒಂದು ಹಂತ ದಾಟಿದ ಮೇಲೆ ಅದನ್ನು ತರಲು ಹೇಳುವುದು ರೂಢಿ. ಗಂಡು ಮಕ್ಕಳ ವಿಷಯ ಸಂದೇಶದಲ್ಲಿ ಬಿಟ್ಟುಹೋಗಿರುವುದೇ ಹೆಚ್ಚು. ಅವರ ಅಮ್ಮಂದಿರು ಸಂಕೋಚದಿಂದ ಕೇಳುತ್ತಾರೆ. ಗಿಡ್ಡ ಜುಬ್ಬಾ ಅಥವಾ ಟೀ ಶರ್ಟು, ಹತ್ತಿಯ ಪೈಜಾಮ, ಸೊಂಟಕ್ಕೊಂದು ಬಟ್ಟೆ. ಅಷ್ಟೇ.

ಇನ್ನು ಸಮಯ. ಮಾಮೂಲಿ ಕ್ಲಾಸು ಒಂದು ಗಂಟೆ, ವಾರಕ್ಕೆ ಎರಡು ಸಲ. ಟ್ರಯಲ್‌ಗೆ 45 ನಿಮಿಷ ಯಾಕೆಂದರೆ ಹೊಸ ಜಾಗ, ಹೊಸ ಮುಖಗಳ ಮಧ್ಯೆ ಮಗುವಿನ ಗಮನ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಾಲೂ ನಿಲ್ಲುವುದಿಲ್ಲ. ಒಂದು ಟ್ರಯಲ್ ಕ್ಲಾಸಿನೊಳಗೆ ಏನೇನು ನಡೆಯುತ್ತದೆ ಎಂದು ಹೇಳಿದರೆ ಈ ಲೆಕ್ಕ ಅರ್ಥವಾಗುತ್ತದೆ.

ಹತ್ತು ಗಂಟೆಗೆ ಮಗು ಒಳಗೆ ಬರುತ್ತದೆ. ಮೊದಲ ಐದು ನಿಮಿಷ ಏನನ್ನೂ ಕಲಿಸುವುದಿಲ್ಲ. ಕೈಕಾಲು ಸಡಿಲಿಸುವುದು, ಕುತ್ತಿಗೆ ತಿರುಗಿಸುವುದು, ಕೂತು ಎರಡೂ ಅಂಗಾಲು ಸೇರಿಸಿ ಮಂಡಿಯನ್ನು ಚಿಟ್ಟೆಯ ರೆಕ್ಕೆಯಂತೆ ಆಡಿಸುವುದು. ಸೊಂಟ ಎಷ್ಟು ತೆರೆಯುತ್ತದೆ ಎಂದು ನನಗೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ನೆಲಕ್ಕೆ, ಗುರುವಿಗೆ, ಎದುರಿಗಿರುವವರಿಗೆ ಸಲ್ಲಿಸುವ ನಮಸ್ಕಾರ. ಅದನ್ನು ಪೂರ್ತಿ ಕಲಿಸಲು ಹೋಗುವುದಿಲ್ಲ, ಪಕ್ಕದ ಮಕ್ಕಳನ್ನು ನೋಡಿ ಮಾಡಲು ಬಿಡುತ್ತೇನೆ. ನೋಡಿ ಕಲಿಯುವ ಮಗುವೋ, ಹೇಳಿದರೆ ಕಲಿಯುವ ಮಗುವೋ ಎಂಬುದು ಇಲ್ಲಿ ತಿಳಿಯುತ್ತದೆ. ಎರಡೂ ಒಳ್ಳೆಯದೇ, ಕಲಿಸುವ ದಾರಿ ಮಾತ್ರ ಬೇರೆ.

ಹತ್ತೂಕಾಲಿಗೆ ತಟ್ಟಡವು. ಕೈ ಸೊಂಟದ ಮೇಲೆ, ಅರೆಮಂಡಿಯಲ್ಲಿ ಕೂತು, ಒಂದು ಪಾದವನ್ನು ಹಿಂದಕ್ಕೆ ಎತ್ತಿ ನೆಲಕ್ಕೆ ಚಪ್ಪಟೆಯಾಗಿ ತಟ್ಟುವುದು, ಆಮೇಲೆ ಇನ್ನೊಂದು. ನಾನು ಮರದ ತಟ್ಟುಮಣೆಯ ಮೇಲೆ ಕೋಲಿನಿಂದ ತಟ್ಟುತ್ತಾ "ತೈಯಾ ತೈ" ಎಂದು ಹೇಳುತ್ತೇನೆ, ಮಗು ಅದಕ್ಕೆ ಸರಿಯಾಗಿ ಪಾದ ಹಾಕಬೇಕು. ಮೂರು ಕಾಲಗಳಲ್ಲಿ ಮಾಡುವ ಅಡವಿದು, ಅಂದರೆ ನಿಧಾನ, ಅದರ ಎರಡರಷ್ಟು, ಮತ್ತೆ ಅದರ ಎರಡರಷ್ಟು ವೇಗ. ಮೊದಲ ದಿನ ಒಂದನೇ ಕಾಲ ಮಾತ್ರ. ಎಂಟು ತಟ್ಟು, ವಿಶ್ರಾಂತಿ, ಮತ್ತೆ ಎಂಟು. ನಾಲ್ಕನೆಯದೋ ಐದನೆಯದೋ ತಟ್ಟಿನ ಹೊತ್ತಿಗೆ ಮಗು ತನಗೆ ಗೊತ್ತಿಲ್ಲದೆ ಎದ್ದು ನಿಂತಿರುತ್ತದೆ. ಅದನ್ನು ತಪ್ಪು ಎಂದು ಎಣಿಸುವುದಿಲ್ಲ. ಕಾಲು ಸುಸ್ತಾದರೂ ಲಯ ಹಿಡಿದಿದೆಯೇ, ಲಯ ತಪ್ಪಿದರೂ ಮತ್ತೆ ಸೇರಿಕೊಳ್ಳಲು ನೋಡುತ್ತದೆಯೇ ಎಂಬುದರ ಮೇಲೆ ನನ್ನ ಕಣ್ಣು.

ಹತ್ತೂವರೆಗೆ ಎಲ್ಲರನ್ನೂ ಕೂರಿಸುತ್ತೇನೆ. ನೀರು ಕುಡಿದು ಹಸ್ತಗಳು. ನಂದಿಕೇಶ್ವರನ 'ಅಭಿನಯ ದರ್ಪಣ'ದಲ್ಲಿ ಒಂದೇ ಕೈಯಲ್ಲಿ ತೋರಿಸುವ ಅಸಂಯುತ ಹಸ್ತಗಳು 28. ಟ್ರಯಲ್ ದಿನ ಅದರಲ್ಲಿ ಮೂರು ನಾಲ್ಕು ಸಾಕು: ಪತಾಕ, ತ್ರಿಪತಾಕ, ಅರ್ಧಪತಾಕ, ಕರ್ತರೀಮುಖ. ಉಂಗುರಬೆರಳನ್ನು ಮಾತ್ರ ಬಾಗಿಸುವ ತ್ರಿಪತಾಕದಲ್ಲಿ ಕಿರುಬೆರಳೂ ಜೊತೆಗೆ ಬಾಗುತ್ತದೆ, ಮಗು ಇನ್ನೊಂದು ಕೈಯಿಂದ ಅದನ್ನು ಎತ್ತಿ ಹಿಡಿಯುತ್ತದೆ, ಎಲ್ಲರೂ ನಗುತ್ತಾರೆ. ಹತ್ತೂಮುಕ್ಕಾಲಿಗೆ ನಮಸ್ಕಾರ ಮಾಡಿ ಮುಗಿಸುತ್ತೇವೆ.

ಹತ್ತು ನಿಮಿಷ ಮುಂಚೆ ಬನ್ನಿ ಎನ್ನುವುದು ಶಿಸ್ತಿನ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ನಿಜವಾಗಿ ಆ ಹತ್ತು ನಿಮಿಷ ಚಪ್ಪಲಿ ಬಿಡಲು, ಬಚ್ಚಲಿಗೆ ಹೋಗಿ ಬರಲು, ವೇಲ್ ಕಟ್ಟಿಸಿಕೊಳ್ಳಲು ಮತ್ತು ಹೊಸ ಜಾಗವನ್ನು ಸುಮ್ಮನೆ ನೋಡಲು ಬೇಕು. ಹತ್ತೂಕಾಲಿಗೆ ಓಡಿಬಂದ ಮಗು ಕೈಕಾಲು ಸಡಿಲಿಸದೆ ನೇರ ತಟ್ಟಡವಿಗೆ ನಿಲ್ಲಬೇಕಾಗುತ್ತದೆ, ಅದು ಕಾಲಿಗೆ ಒಳ್ಳೆಯದಲ್ಲ. ಊಟವನ್ನೂ ಸಮಯಕ್ಕೆ ಸೇರಿಸಿ ಯೋಚಿಸಿ. ಹೊಟ್ಟೆ ತುಂಬ ತಿಂದು ಅರ್ಧ ಗಂಟೆಗೆ ಅರೆಮಂಡಿಗೆ ಕೂತರೆ ಪಕ್ಕೆ ಹಿಡಿಯುತ್ತದೆ. ಹತ್ತರ ಕ್ಲಾಸಿಗೆ ಎಂಟಕ್ಕೆ ಎರಡು ಇಡ್ಲಿ, ಬೇಕಾದರೆ ಒಂಬತ್ತಕ್ಕೆ ಒಂದು ಬಾಳೆಹಣ್ಣು.

ಇಷ್ಟು ಹೊತ್ತಿನಲ್ಲಿ ಏನು ತಿಳಿಯುವುದಿಲ್ಲ ಎಂದೂ ಹೇಳಬೇಕು. "ಟ್ಯಾಲೆಂಟ್ ಇದೆಯಾ ಮೇಡಂ?" ಎಂಬ ಪ್ರಶ್ನೆಗೆ 45 ನಿಮಿಷದಲ್ಲಿ ಉತ್ತರ ಕೊಡುವ ಶಿಕ್ಷಕರನ್ನು ನಾನಂತೂ ನಂಬುವುದಿಲ್ಲ. ಅಭಿನಯ ಬರುತ್ತದೋ ಇಲ್ಲವೋ, ಮುಂದೆ ವಿದ್ವತ್ ಪರೀಕ್ಷೆವರೆಗೆ ಹೋಗುತ್ತಾಳೋ ಇಲ್ಲವೋ ಯಾರಿಗೂ ಗೊತ್ತಾಗದು. ಗೊತ್ತಾಗುವುದು ಇಷ್ಟೆ: ದೇಹ ಈಗ ಸಿದ್ಧವಿದೆಯೇ, ಹೇಳಿದ್ದನ್ನು ಕೇಳಿಸಿಕೊಂಡು ಮಾಡುತ್ತಾಳೆಯೇ, ಕಾಲು ನೋವಾದ ಮೇಲೂ ಆಸಕ್ತಿ ಉಳಿದಿದೆಯೇ. ಕೆಲವು ಮಕ್ಕಳಿಗೆ ಇನ್ನೊಂದು ವರ್ಷ ಬಿಟ್ಟು ಬನ್ನಿ ಎನ್ನುತ್ತೇವೆ. ನಿರಾಕರಿಸಿದರು ಎಂದು ನೊಂದುಕೊಳ್ಳುವವರಿದ್ದಾರೆ. ಐದು ವರ್ಷದ ಮಗುವನ್ನು ಅರೆಮಂಡಿಯಲ್ಲಿ ಗಟ್ಟಿಯಾಗಿ ಕೂರಿಸಿ ಫೀಸು ತೆಗೆದುಕೊಳ್ಳುವುದಕ್ಕಿಂತ ಅದು ಪ್ರಾಮಾಣಿಕ ಮಾತು.

ಮೂರನೆಯದು ಮನೆಯವರ ವಿಷಯ. ಅತಿ ಹೆಚ್ಚು ಮನಸ್ತಾಪ ಆಗುವುದು ಇದರಲ್ಲೇ. ಕೆಲವು ಶಾಲೆಗಳಲ್ಲಿ ಅಪ್ಪ ಅಮ್ಮ ಪೂರ್ತಿ ಹೊತ್ತು ಒಳಗೇ ಕೂರಬಹುದು, ಕೆಲವು ಕಡೆ ಬಾಗಿಲವರೆಗೆ ಮಾತ್ರ, ಕೆಲವು ಕಡೆ ಟ್ರಯಲ್ ದಿನಕ್ಕೊಂದು ನಿಯಮ, ಆಮೇಲೆ ಇನ್ನೊಂದು. ನಮ್ಮಲ್ಲಿ ಮೊದಲ ಹತ್ತು ನಿಮಿಷ ಒಳಗೆ, ಆಮೇಲೆ ಹೊರಗಿನ ಬೆಂಚು. ಬಾಗಿಲು ತೆರೆದೇ ಇರುತ್ತದೆ.

ಒಳಗೇ ಕೂತರೆ ಏನಾಗುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಏಳು ವರ್ಷದ ಹುಡುಗಿ ತಟ್ಟಡವು ಮಾಡುತ್ತಿದ್ದಾಳೆ. ಗೋಡೆ ಪಕ್ಕ ಅಮ್ಮ. ಹುಡುಗಿ ಒಂದು ಪಾದ ತಟ್ಟುತ್ತಾಳೆ, ಅಮ್ಮನ ಮುಖ ನೋಡುತ್ತಾಳೆ. ಇನ್ನೊಂದು ಪಾದ ತಟ್ಟುತ್ತಾಳೆ, ಮತ್ತೆ ಅಮ್ಮನ ಮುಖ. ಪ್ರತಿ ಸಲ ಕತ್ತು ಎಡಕ್ಕೆ ತಿರುಗುವುದರಿಂದ ಎಡ ಭುಜ ಇಳಿಯುತ್ತದೆ, ಭಾರ ಒಂದೇ ಕಾಲಿಗೆ ಬೀಳುತ್ತದೆ. ಅಮ್ಮನಿಗೆ ತಡೆಯಲಾಗುವುದಿಲ್ಲ, "ಪುಟ್ಟಿ, ಇನ್ನೂ ಕೂತ್ಕೋ, ಇನ್ನೂ" ಎನ್ನುತ್ತಾರೆ. ನಾನು ಅದೇ ಹೊತ್ತಿಗೆ "ಸ್ವಲ್ಪ ಏಳು, ಬೆನ್ನು ನೆಟ್ಟಗೆ ಮಾಡು" ಎಂದಿರುತ್ತೇನೆ. ಮಗು ಯಾರ ಮಾತು ಕೇಳಬೇಕು? ಅಮ್ಮನ ಮಾತೇ ಕೇಳುತ್ತದೆ, ಕೇಳಬೇಕಾದ್ದೂ ಹಾಗೇ. ಹತ್ತು ನಿಮಿಷವಾದ ಮೇಲೆ ಅಮ್ಮ ಹೊರಗೆ ಹೋಗಿ ಬೆಂಚಿನಲ್ಲಿ ಕೂತರು. ಹುಡುಗಿ ಎರಡು ಸಲ ಬಾಗಿಲ ಕಡೆ ನೋಡಿದಳು, ಅಮ್ಮನ ಸೀರೆಯ ಅಂಚು ಕಾಣುತ್ತಿತ್ತು. ಮೂರನೆಯ ಸಲ ನೋಡಲಿಲ್ಲ. ಭುಜ ಸಮವಾಯಿತು.

ಹೊರಗೆ ಕೂರಿ ಎನ್ನುವುದು ಈ ಕಾರಣಕ್ಕೆ. ಹಾಗೆಂದು ಬಿಟ್ಟು ಹೋಗಿ, ಹನ್ನೊಂದಕ್ಕೆ ಬಂದು ಕರೆದುಕೊಂಡು ಹೋಗಿ ಎಂದು ಮೊದಲ ದಿನವೇ ಹೇಳುವ ಶಾಲೆಯ ಬಗ್ಗೆ ಎರಡು ಸಲ ಯೋಚಿಸಿ. ನೃತ್ಯ ಕಲಿಸುವುದರಲ್ಲಿ ಮಗುವನ್ನು ಮುಟ್ಟಿ ತಿದ್ದುವುದು ಸಹಜ. ಭುಜ ಇಳಿಸಲು, ಮೊಣಕೈ ಎತ್ತಲು, ಮಂಡಿ ತೆರೆಯಲು ಕೈ ಹಾಕಬೇಕಾಗುತ್ತದೆ. ಹಾಗೆ ಮುಟ್ಟುವ ಮೊದಲು "ಭುಜ ಸರಿಮಾಡಲಾ?" ಎಂದು ಮಗುವನ್ನೇ ಕೇಳುವ ಅಭ್ಯಾಸ ಒಳ್ಳೆಯದು. ಟ್ರಯಲ್ ಕ್ಲಾಸಿನಲ್ಲಿ ಶಿಕ್ಷಕರು ಹೇಗೆ ತಿದ್ದುತ್ತಾರೆ, ಎಲ್ಲಿ ಮುಟ್ಟುತ್ತಾರೆ, ಮಾತಿನಲ್ಲಿ ಹೇಳಿ ಮುಗಿಯುವುದಕ್ಕೂ ಕೈ ಹಾಕುತ್ತಾರೆಯೇ ಎಂದು ನೀವು ಕಣ್ಣಾರೆ ನೋಡಬೇಕು, ನೋಡುವುದು ನಿಮ್ಮ ಹಕ್ಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂದಿದೆ. ಆದರೆ ಕಾನೂನು ಇದೆ ಎಂಬುದಕ್ಕಿಂತ ತೆರೆದ ಬಾಗಿಲು ಮಗುವಿಗೆ ಹತ್ತಿರದ ರಕ್ಷಣೆ. ಮುಚ್ಚಿದ ಕೋಣೆ, ಹೊರಗಿನಿಂದ ಏನೂ ಕಾಣದ ಬಾಗಿಲು, "ಗುರುಗಳನ್ನು ಪ್ರಶ್ನಿಸಬಾರದು" ಎಂಬ ಮಾತು ಮೂರೂ ಒಟ್ಟಿಗೆ ಸಿಕ್ಕಿದರೆ ಅಲ್ಲಿಗೆ ಸೇರಿಸಬೇಡಿ, ಆ ಗುರುಗಳು ಎಷ್ಟೇ ದೊಡ್ಡ ಕಲಾವಿದರಾಗಿರಲಿ.

ವಿಡಿಯೋ ಬೇಡ ಎನ್ನುವುದಕ್ಕೂ ಅದೇ ಎಚ್ಚರ. ನಿಮ್ಮ ಮಗಳ ಹಿಂದೆ ಇನ್ನು ಎಂಟು ಮಕ್ಕಳಿದ್ದಾರೆ, ಅವರ ಮನೆಯವರು ಒಪ್ಪಿಲ್ಲ. ನೆನಪಿಗೆ ಬೇಕೆಂದರೆ ಕ್ಲಾಸು ಮುಗಿದ ಮೇಲೆ ನಿಮ್ಮ ಮಗಳ ಒಂದು ಫೋಟೋ ತೆಗೆದುಕೊಳ್ಳಿ.

ಯಾರು ಬರಬೇಕು ಎಂಬುದರ ಬಗ್ಗೆ ನನ್ನದೇ ಒಂದು ಅಭಿಪ್ರಾಯವಿದೆ. ಮುಂದೆ ವಾರವಾರ ಮಗುವನ್ನು ಕರೆತರುವವರು ಟ್ರಯಲ್‌ಗೆ ಬರಬೇಕು. ಬೆಂಗಳೂರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಅದು ಅಜ್ಜಿಯೋ ತಾತನೋ ಆಗಿರುತ್ತಾರೆ. ಮೊದಲ ದಿನ ಅಮ್ಮ ರಜೆ ಹಾಕಿ ಬಂದು ಎಲ್ಲ ಕೇಳಿಕೊಂಡು ಹೋಗುತ್ತಾರೆ, ಎರಡನೆಯ ವಾರದಿಂದ ಅಜ್ಜಿ ಬರುತ್ತಾರೆ, ಮನೆಯಲ್ಲಿ ಏನು ಅಭ್ಯಾಸ ಮಾಡಿಸಬೇಕು ಎಂಬುದು ಅವರಿಗೆ ತಲುಪಿಯೇ ಇರುವುದಿಲ್ಲ. ಮೈಸೂರು ಶೈಲಿಯ ಭರತನಾಟ್ಯದ ದೊಡ್ಡ ಹೆಸರು ಡಾ. ಕೆ. ವೆಂಕಟಲಕ್ಷಮ್ಮನವರು. 1906ರಲ್ಲಿ ಹುಟ್ಟಿದ ಅವರನ್ನು ಎಂಟನೆಯ ವಯಸ್ಸಿನಲ್ಲಿ ಮೈಸೂರಿಗೆ ಕರೆತಂದು ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಬಿಟ್ಟವರು ಅಜ್ಜ ಅಜ್ಜಿ ಎಂದು ಅವರ ಜೀವನ ಚರಿತ್ರೆಯಲ್ಲಿ ಬರುತ್ತದೆ. ಆಗ ಟ್ರಯಲ್ ಕ್ಲಾಸೂ ಇರಲಿಲ್ಲ, ಕನ್ಫರ್ಮೇಶನ್ ಮೆಸೇಜೂ ಇರಲಿಲ್ಲ. ಫಲತಾಂಬೂಲ ಇಟ್ಟು ನಮಸ್ಕಾರ ಮಾಡಿದರೆ ಸೇರಿದ ಹಾಗೆ.

ಮಗು ಅತ್ತರೆ ಏನು ಮಾಡುವುದು? ಅಮ್ಮ ಹೊರಗೆ ಹೋದ ಕೂಡಲೇ ತುಟಿ ಬಿರಿದುಕೊಳ್ಳುವ ಮಕ್ಕಳಿರುತ್ತಾರೆ. ಓಡಿಬಂದು ಎತ್ತಿಕೊಳ್ಳಬೇಡಿ, ಬಾಗಿಲಲ್ಲಿ ಕಾಣುವಂತೆ ಕೂತಿರಿ. ನಾನು ಅಂಥ ಮಗುವಿನ ಕೈಗೆ ತಟ್ಟುಕೋಲು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಬೇರೆಯವರು ಕುಣಿಯುವಾಗ ತಟ್ಟಲು ಹೇಳುತ್ತೇನೆ. ಅದೂ ಕ್ಲಾಸೇ. ಐದು ನಿಮಿಷ ಕಳೆದರೂ ಅಳು ನಿಲ್ಲದಿದ್ದರೆ ಅಂದಿಗೆ ನಿಲ್ಲಿಸಿ, ಇನ್ನೊಂದು ದಿನ ಬನ್ನಿ ಎನ್ನುತ್ತೇನೆ. ಒಂದು ಶನಿವಾರದ ಅಳುವಿನಿಂದ ಮಗುವಿಗೆ ನೃತ್ಯ ಬೇಡ ಎಂದು ತೀರ್ಮಾನಿಸುವುದು ಆತುರ.

ಸಂಗೀತದ ಕ್ಲಾಸಿನ ಲೆಕ್ಕ ಸ್ವಲ್ಪ ಬೇರೆ. ಕರ್ನಾಟಕ ಸಂಗೀತದ ಹಾಡುಗಾರಿಕೆಗೆ ಚಕ್ಕಂಬಕ್ಕಳ ಹಾಕಿ ನೆಟ್ಟಗೆ ಕೂರಲು ಆಗುವ ಯಾವ ಬಟ್ಟೆಯಾದರೂ ಸರಿ, ಹೊಟ್ಟೆ ಬಿಗಿಯದಿದ್ದರೆ ಸಾಕು, ಉಸಿರು ಅಲ್ಲಿಂದಲೇ ಬರಬೇಕು. ಅರ್ಧ ಗಂಟೆ ಧಾರಾಳವಾಯಿತು. ಶಿಕ್ಷಕರು ಶ್ರುತಿ ಹಾಕಿ ಷಡ್ಜ ಹಿಡಿಯಲು ಹೇಳುತ್ತಾರೆ, ಮಗುವಿಗೆ ಹೊಂದುವ ಶ್ರುತಿ ಹುಡುಕುತ್ತಾರೆ, ಮಾಯಾಮಾಳವಗೌಳದಲ್ಲಿ ಮೊದಲ ಸರಳೆ ವರಸೆಯನ್ನು ಹೇಳಿಕೊಡುತ್ತಾರೆ. ನೆಗಡಿಯಾಗಿ ಗಂಟಲು ಕಟ್ಟಿದ್ದರೆ ದಿನ ಮುಂದೂಡಿ, ಆ ದಿನ ಹಿಡಿದ ಶ್ರುತಿ ನಿಜವಾದದ್ದಲ್ಲ. ಅಲ್ಲಿ ಮನೆಯವರು ಒಳಗೆ ಕೂರುವುದು ಅಷ್ಟು ತೊಂದರೆಯಲ್ಲ, ಜೊತೆಗೆ ಹಾಡದಿದ್ದರೆ. ವಾದ್ಯದ ಕ್ಲಾಸಾದರೆ ಟ್ರಯಲ್‌ಗೆ ಮೊದಲು ವಾದ್ಯ ಕೊಳ್ಳಬೇಡಿ. ಪಿಟೀಲಿಗಂತೂ ಮಗುವಿನ ತೋಳಿನ ಉದ್ದಕ್ಕೆ ತಕ್ಕ ಅಳತೆಯಿದೆ, ಶಿಕ್ಷಕರು ಅಳೆದು ಹೇಳಿದ ಮೇಲೆ ತಂದರಾಯಿತು.

ಅಮೆರಿಕದಲ್ಲಿರುವ ಕನ್ನಡದ ಮನೆಗಳು ಬೆಂಗಳೂರು, ಮೈಸೂರಿನ ಗುರುಗಳ ಬಳಿ ಆನ್‌ಲೈನಿನಲ್ಲಿ ಟ್ರಯಲ್ ತೆಗೆದುಕೊಳ್ಳುವುದು ಈಗ ಮಾಮೂಲು. ಅಲ್ಲಿ ಮೊದಲು ಎಡವುವುದು ದಿನದಲ್ಲಿ. ನಮ್ಮ ಶನಿವಾರ ಬೆಳಿಗ್ಗೆ 7 ಗಂಟೆ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಶುಕ್ರವಾರ ಸಂಜೆ 6.30, ಚಳಿಗಾಲದಲ್ಲಿ 5.30. ಸಂದೇಶದಲ್ಲಿ ಎರಡೂ ಊರಿನ ವಾರ, ಗಂಟೆ ಬರೆದಿರಬೇಕು. ಮನೆಯವರು ಜೊತೆಗಿರಬೇಕೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ, ಇರಲೇಬೇಕು. ತಲೆಯಿಂದ ಪಾದದವರೆಗೆ ಕಾಣುವಂತೆ ಕ್ಯಾಮೆರಾ ಇಡಬೇಕು, ಪಾದ ಕಾಣದ ತಟ್ಟಡವಿಗೆ ಅರ್ಥವಿಲ್ಲ. ಜೂಮ್ ಆದರೆ ಗದ್ದಲ ಎಂದುಕೊಂಡು ತಟ್ಟುಮಣೆಯ ಸದ್ದನ್ನೇ ಅದು ಅಳಿಸಿಬಿಡುತ್ತದೆ, ಅದಕ್ಕೆ ಕಲಿಸುವವರ ಕಡೆ Original sound for musicians ಎಂಬ ಆಯ್ಕೆ ಹಾಕಿಕೊಂಡಿರಬೇಕು. ಇಂಟರ್‌ನೆಟ್ಟಿನಲ್ಲಿ ಸದ್ದು ತಡವಾಗಿ ತಲುಪುವುದರಿಂದ ಮಗು ಸರಿಯಾಗಿ ತಟ್ಟಿದರೂ ಗುರುವಿಗೆ ತಪ್ಪಿದಂತೆ ಕಾಣುತ್ತದೆ. ಲಯದ ಬಗ್ಗೆ ಆನ್‌ಲೈನ್ ಟ್ರಯಲ್‌ನಲ್ಲಿ ಸಿಗುವ ತೀರ್ಪನ್ನು ತೀರಾ ಗಂಭೀರವಾಗಿ ತೆಗೆದುಕೊಳ್ಳಬೇಡಿ.

ಬಹಳ ಶಾಲೆಗಳ ಸಂದೇಶದಲ್ಲಿ ಬರೆಯದೇ ಬಿಡುವ ಒಂದು ಸಂಗತಿಯನ್ನು ನೀವೇ ಕೇಳಿಕೊಳ್ಳಬೇಕು. ಟ್ರಯಲ್ ಕ್ಲಾಸು ತೆಗೆದುಕೊಳ್ಳುವವರೇ ಮುಂದೆಯೂ ಕಲಿಸುತ್ತಾರೆಯೇ? ದೊಡ್ಡ ಶಾಲೆಗಳಲ್ಲಿ ಮೊದಲ ದಿನ ಗುರುಗಳು ಬಂದು ಮಾತಾಡಿಸಿ, ಆಮೇಲೆ ಹೊಸ ಮಕ್ಕಳನ್ನು ಹಿರಿಯ ವಿದ್ಯಾರ್ಥಿಗಳಿಗೆ ಒಪ್ಪಿಸುವುದುಂಟು. ಹಿರಿಯ ವಿದ್ಯಾರ್ಥಿಗಳು ಚೆನ್ನಾಗಿ ಕಲಿಸಬಲ್ಲರು, ಅದರಲ್ಲಿ ತಪ್ಪಿಲ್ಲ, ಆದರೆ ನೀವು ನೋಡಬೇಕಾದ್ದು ಅವರ ಕ್ಲಾಸನ್ನು. ಟ್ರಯಲ್‌ಗೆ ಹಣವಿದೆಯೇ, ಸೇರಿದರೆ ಅದನ್ನು ಫೀಸಿನಲ್ಲಿ ಕಳೆಯುತ್ತಾರೆಯೇ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ. ಮಗುವಿನ ಎದುರು ಕ್ಲಾಸಿನ ಮಧ್ಯೆ ಕೇಳಬೇಡಿ.

ಸಂದೇಶಕ್ಕೆ ಹೆಬ್ಬೆರಳಿನ ಬದಲು ಎರಡು ಸಾಲು ಬರೆದರೆ ಕಲಿಸುವವರಿಗೆ ಬಹಳ ಉಪಕಾರ. "ಬರುತ್ತೇವೆ. ಮಗಳಿಗೆ ಏಳು ವರ್ಷ, ಮೊದಲು ಎಲ್ಲೂ ಕಲಿತಿಲ್ಲ. ಕಳೆದ ತಿಂಗಳು ಬಲಗಾಲು ಉಳುಕಿತ್ತು, ಈಗ ನೋವಿಲ್ಲ. ಅಜ್ಜಿ ಕರೆತರುತ್ತಾರೆ, ಹೊರಗೆ ಕೂರುತ್ತಾರೆ." ಇಷ್ಟು ಗೊತ್ತಿದ್ದರೆ ಆ ದಿನ ಬಲಗಾಲಿನ ತಟ್ಟನ್ನು ಮೆತ್ತಗೆ ಮಾಡಿಸುತ್ತೇನೆ, ಬೆಂಚಿನ ಮೇಲೊಂದು ದಿಂಬು ಇಡುತ್ತೇನೆ. ಬರಲಾಗದಿದ್ದರೆ ಹಿಂದಿನ ಸಂಜೆಯೇ ತಿಳಿಸಿ. ಒಂದು ಬ್ಯಾಚಿಗೆ ಟ್ರಯಲ್‌ಗೆ ಒಂದೋ ಎರಡೋ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ, ನೀವು ಬಿಟ್ಟ ಜಾಗಕ್ಕೆ ಇನ್ನೊಂದು ಮಗುವನ್ನು ಕರೆಯಬಹುದು.